ಎರಡೇ ಪೋಸ್ಟ್, ಮೂರು ಎಂಗೇಜ್‌ಮೆಂಟ್ ರೇಟ್

ಒಂದು ಮೀಟಿಂಗು. ಟೇಬಲ್ ಮೇಲೆ ಮೂರು ಹಾಳೆ. ಮೂರರಲ್ಲೂ ಒಂದೇ ಇನ್‌ಸ್ಟಾಗ್ರಾಂ ಖಾತೆ, ಒಂದೇ ವಾರ, ಅವೇ ಎರಡು ಪೋಸ್ಟ್. ಏಜೆನ್ಸಿಯವರ ಹಾಳೆಯಲ್ಲಿ ಎಂಗೇಜ್‌ಮೆಂಟ್ ರೇಟ್ ಶೇ. 5 ಅಂತ ಇತ್ತು. ಹೊರಗಿನ ಟೂಲ್ ಒಂದರಿಂದ ತೆಗೆದ ಹಾಳೆಯಲ್ಲಿ ಶೇ. 3.2. ನಾನು ಮಾಡಿಕೊಂಡು ಹೋಗಿದ್ದರಲ್ಲಿ ಶೇ. 2.4. ಖಾತೆ ನೋಡಿಕೊಳ್ಳುವ ಮೇಡಂ ಮೂರನ್ನೂ ಪಕ್ಕಪಕ್ಕ ಇಟ್ಟು, "ಇದರಲ್ಲಿ ಲೆಕ್ಕ ತಪ್ಪಿದ್ದು ಯಾರು?" ಅಂತ ಕೇಳಿದರು.

ಯಾರೂ ತಪ್ಪಿರಲಿಲ್ಲ. ಕೂಡಿಸಿದ್ದು, ಭಾಗಿಸಿದ್ದು ಎಲ್ಲ ಸರಿಯಾಗಿಯೇ ಇತ್ತು. ಆದರೆ ಮೂವರೂ ಬೇರೆ ಬೇರೆ ಪ್ರಶ್ನೆಗೆ ಉತ್ತರ ಬರೆದಿದ್ದೆವು, ಹಾಳೆ ಮೇಲೆ ಮಾತ್ರ ಒಂದೇ ಹೆಸರು ಹಾಕಿದ್ದೆವು. ಆ ಎರಡು ಪೋಸ್ಟುಗಳನ್ನೇ ಇಲ್ಲಿ ಬಿಚ್ಚಿಡುತ್ತೇನೆ. ಸಲೀಸಾಗಲಿ ಅಂತ ಅಂಕಿಗಳನ್ನು ಸ್ವಲ್ಪ ದುಂಡಾಗಿಸಿದ್ದೇನೆ.

ಖಾತೆಗೆ 20,000 ಫಾಲೋವರ್ಸ್ ಇದ್ದರು. ಮೊದಲನೆಯದು ಫೋಟೊ ಪೋಸ್ಟ್. ಅದನ್ನು ನೋಡಿದ ಖಾತೆಗಳು, ಅಂದರೆ ರೀಚ್, 4,000. ಲೈಕ್ 240, ಕಾಮೆಂಟ್ 30, ಸೇವ್ 35, ಶೇರ್ 15. ಒಟ್ಟು 320. ಎರಡನೆಯದು ರೀಲ್. ಅದರ ರೀಚ್ 60,000. ಲೈಕ್ 980, ಕಾಮೆಂಟ್ 40, ಸೇವ್ 110, ಶೇರ್ 70. ಒಟ್ಟು 1,200.

ಎಂಗೇಜ್‌ಮೆಂಟ್ ರೇಟ್ ಅಂದರೆ ಈ ಒಟ್ಟನ್ನು ಯಾವುದೋ ಒಂದು ಸಂಖ್ಯೆಯಿಂದ ಭಾಗಿಸಿ ನೂರರಿಂದ ಗುಣಿಸೋದು, ಅಷ್ಟೇ. ತಕರಾರೆಲ್ಲ ಆ "ಯಾವುದೋ ಒಂದು" ಅನ್ನೋದರಲ್ಲಿದೆ.

ಫಾಲೋವರ್ಸ್‌ನಿಂದ ಭಾಗಿಸಿ ನೋಡಿ. ಫೋಟೊ: 320 ಭಾಗಿಸು 20,000, ಶೇ. 1.6. ರೀಲ್: 1,200 ಭಾಗಿಸು 20,000, ಶೇ. 6. ರೀಲ್ ಫೋಟೊಗಿಂತ ನಾಲ್ಕು ಪಟ್ಟು ಹತ್ತಿರ ಮುಂದಿದೆ.

ಈಗ ರೀಚ್‌ನಿಂದ ಭಾಗಿಸಿ. ಫೋಟೊ: 320 ಭಾಗಿಸು 4,000, ಶೇ. 8. ರೀಲ್: 1,200 ಭಾಗಿಸು 60,000, ಶೇ. 2. ಈಗ ಫೋಟೊ ನಾಲ್ಕು ಪಟ್ಟು ಮುಂದೆ!

ಗೆದ್ದವರು ಸೋತರು, ಸೋತವರು ಗೆದ್ದರು. ಒಂದು ಲೈಕ್ ಕೂಡ ಆಚೀಚೆ ಆಗಿಲ್ಲ. ಈ ಗೊಂದಲ ಬಿಡಿಸೋಕೆ ನಾನು ಯಾವಾಗಲೂ ಬಳಸುವ ಒಂದು ಸಮೀಕರಣ ಇದೆ. ಫಾಲೋವರ್ಸ್ ಮೇಲಿನ ರೇಟ್ ಅಂದರೆ ಎರಡು ಸಂಗತಿಗಳ ಗುಣಲಬ್ಧ. ಒಂದು, ಪೋಸ್ಟ್ ಎಷ್ಟು ದೂರ ಹೋಯಿತು, ಅಂದರೆ ರೀಚ್ ಭಾಗಿಸು ಫಾಲೋವರ್ಸ್. ಇನ್ನೊಂದು, ನೋಡಿದವರಿಂದ ಎಷ್ಟು ಪ್ರತಿಕ್ರಿಯೆ ಬಂತು, ಅಂದರೆ ರೀಚ್ ಮೇಲಿನ ರೇಟ್. ಫೋಟೊ ತನ್ನ ಫಾಲೋವರ್ಸ್ ಸಂಖ್ಯೆಯ ಶೇ. 20ರಷ್ಟು ಖಾತೆಗಳಿಗೆ ಮುಟ್ಟಿತು, ಅದರ ಶೇ. 8 ಅಂದರೆ 1.6. ರೀಲ್ ಶೇ. 300ರಷ್ಟು ದೂರ ಹೋಯಿತು, ಅದರ ಶೇ. 2 ಅಂದರೆ 6. ಹಾಗಾಗಿ ಫಾಲೋವರ್ಸ್ ಮೇಲಿನ ರೇಟ್ ಏರಿದಾಗ ಜನರಿಗೆ ಪೋಸ್ಟ್ ಜಾಸ್ತಿ ಹಿಡಿಸಿತು ಅಂತ ಹೇಳೋಕೆ ಬರಲ್ಲ. ಪ್ಲಾಟ್‌ಫಾರ್ಮ್ ಅದನ್ನು ಜಾಸ್ತಿ ಜನರ ಮುಂದೆ ಹಿಡಿದಿರಬಹುದು, ಅಷ್ಟೇ ಇರಬಹುದು.

ಹಾಗಾದರೆ ರೀಚ್ ಮೇಲಿನದ್ದೇ ನಿಜವಾದ ರೇಟ್, ಅಲ್ವಾ? ನಾನೂ ಕೆಲಸಕ್ಕೆ ಸೇರಿದ ಹೊಸತರಲ್ಲಿ ಹಾಗೇ ಅಂದುಕೊಂಡಿದ್ದೆ. ಅದಕ್ಕೂ ಒಂದು ಕಾಯಿಲೆ ಇದೆ. ಪೋಸ್ಟ್ ಸಾಮಾನ್ಯವಾಗಿ ಮೊದಲು ಹೋಗೋದು ನಿಮ್ಮನ್ನು ಬಲ್ಲವರ ಹತ್ತಿರ. ಅವರು ನಿಮ್ಮ ಹೆಸರು ನೋಡಿಯೇ ಲೈಕ್ ಒತ್ತುತ್ತಾರೆ. ಚೆನ್ನಾಗಿ ಓಡಿದರೆ ಆಮೇಲೆ ಅಪರಿಚಿತರ ಹತ್ತಿರ ಹೋಗುತ್ತದೆ. ಅವರು ನೋಡುತ್ತಾರೆ, ನಗುತ್ತಾರೆ, ಮುಂದೆ ಸ್ಕ್ರಾಲ್ ಮಾಡುತ್ತಾರೆ. ಹೀಗಾಗಿ ಪೋಸ್ಟ್ ಗೆಲ್ಲುತ್ತಾ ಹೋದಂತೆ ರೀಚ್ ಮೇಲಿನ ರೇಟ್ ಇಳಿಯುತ್ತಾ ಹೋಗುತ್ತದೆ. ಪೋಸ್ಟ್ ಮಾಡಿದ ಮೊದಲ ಗಂಟೆಯಲ್ಲಿ ಬರೆದುಕೊಂಡ ರೇಟನ್ನು ಒಂದು ವಾರದ ನಂತರದ ರೇಟಿನ ಜತೆ ಹೋಲಿಸಬಾರದು ಅನ್ನೋದು ಇದಕ್ಕೇ. ಯಾರಿಗೂ ತಲುಪದ ಪೋಸ್ಟ್ ಕೆಲವೊಮ್ಮೆ ಬಲು ಅಂದದ ರೇಟ್ ತೋರಿಸೋದೂ ಇದಕ್ಕೇ. ಆಪ್ತರಾದ 40 ಜನ ನೋಡಿ 10 ಜನ ಲೈಕ್ ಮಾಡಿದರೆ ಶೇ. 25!

ಇದನ್ನು ಕಂಡುಹಿಡಿಯೋಕೆ ರೀಲಿನ ರೀಚ್ ಒಡೆದು ನೋಡಬೇಕು. ಇನ್‌ಸೈಟ್ಸ್‌ನಲ್ಲಿ ಫಾಲೋವರ್ಸ್ ಎಷ್ಟು, ಅಲ್ಲದವರು ಎಷ್ಟು ಅಂತ ಸಿಗುತ್ತದೆ. ನಮ್ಮ ರೀಲ್ ನೋಡಿದವರಲ್ಲಿ 6,000 ಜನ ಫಾಲೋವರ್ಸ್, 54,000 ಜನ ಹೊರಗಿನವರು. ಫಾಲೋವರ್ಸ್ ಕಡೆಯಿಂದ ಬಂದ ಪ್ರತಿಕ್ರಿಯೆ 360, ಅಂದರೆ ಶೇ. 6. ಹೊರಗಿನವರದು 840, ಅಂದರೆ ಸುಮಾರು ಶೇ. 1.6. ಫೋಟೊ ನೋಡಿದವರಂತೂ ಹೆಚ್ಚುಕಮ್ಮಿ ಎಲ್ಲ ಫಾಲೋವರ್ಸೇ. ಈಗ ಹೋಲಿಕೆ ನ್ಯಾಯವಾಯಿತು. ಬಲ್ಲವರ ನಡುವೆ ಫೋಟೊಗೆ ಶೇ. 8, ರೀಲಿಗೆ ಶೇ. 6. ಫೋಟೊ ಸ್ವಲ್ಪ ಮುಂದಿದೆ, ನಿಜ. ಆದರೆ 8ಕ್ಕೆ 2 ಅನ್ನುವಂಥ ಅಂತರ ಅಲ್ಲವೇ ಅಲ್ಲ. ಆ ಅಂತರದಲ್ಲಿ ಬಹುಪಾಲು ಅಪರಿಚಿತರಿಂದ ಹುಟ್ಟಿದ್ದು.

ಇಲ್ಲಿಗೆ ಎರಡು ಬಗೆಯ ರೇಟ್ ಆಯಿತು. ಟೇಬಲ್ ಮೇಲಿದ್ದ ಹಾಳೆ ಮೂರು. ಹೊರಗಿನ ಟೂಲ್‌ನ 3.2 ಅಂದರೆ ಲೈಕ್, ಕಾಮೆಂಟ್ ಮಾತ್ರ ಕೂಡಿಸಿ ಫಾಲೋವರ್ಸ್‌ನಿಂದ ಭಾಗಿಸಿದ್ದು: ಫೋಟೊಗೆ 1.35, ರೀಲಿಗೆ 5.1, ಎರಡರ ಸರಾಸರಿ. ಹೊರಗಿನ ಟೂಲ್‌ಗೆ ಬೇರೆ ದಾರಿಯೂ ಇಲ್ಲ. ರೀಚ್ ಕಾಣಿಸೋದು ಖಾತೆಯ ಒಡೆಯರಿಗೆ ಮಾತ್ರ. ಹೊರಗಿನವರಿಗೆ ಕಾಣೋದು ಲೈಕ್, ಕಾಮೆಂಟ್, ಫಾಲೋವರ್ಸ್ ಸಂಖ್ಯೆ ಇಂಥವು. ಬೇರೆಯವರ ಖಾತೆ ಜತೆ ಹೋಲಿಸುವ ಪಟ್ಟಿಗಳು ಸಾಮಾನ್ಯವಾಗಿ ಫಾಲೋವರ್ಸ್ ಮೇಲೇ ನಿಂತಿರೋದಕ್ಕೆ ಕಾರಣ ಇದು. ನಿಮ್ಮ ರೀಚ್ ಮೇಲಿನ ಶೇ. 5ನ್ನು ಅಂಥ ಪಟ್ಟಿಯ ಪಕ್ಕ ಇಟ್ಟು ಖುಷಿಪಡಬೇಡಿ.

ಏಜೆನ್ಸಿಯವರ 5 ಮತ್ತು ನನ್ನ 2.4, ಎರಡೂ ರೀಚ್ ಮೇಲಿನವೇ. ಇಲ್ಲಿ ಬೇರೆಯಾದದ್ದು ಸರಾಸರಿ ತೆಗೆದ ರೀತಿ. ಅವರು ಪ್ರತಿ ಪೋಸ್ಟಿನ ರೇಟ್ ತೆಗೆದು, 8 ಮತ್ತು 2 ಕೂಡಿಸಿ, ಎರಡರಿಂದ ಭಾಗಿಸಿದ್ದರು. ನಾನು ಮೊದಲು ಪ್ರತಿಕ್ರಿಯೆಗಳನ್ನೆಲ್ಲ ಕೂಡಿಸಿದೆ, 1,520. ರೀಚ್ ಕೂಡಿಸಿದೆ, 64,000. ಆಮೇಲೆ ಒಂದೇ ಸಲ ಭಾಗಿಸಿದೆ. ಶೀಟ್‌ನಲ್ಲಿ ಇಷ್ಟೇ ವ್ಯತ್ಯಾಸ. C ಕಾಲಂ ರೀಚ್, D ಪ್ರತಿಕ್ರಿಯೆ, E ರೇಟ್:

```
=AVERAGE(E2:E3)
=SUM(D2:D3)/SUM(C2:C3)
```

ಮೊದಲನೆಯದರಲ್ಲಿ ಪ್ರತಿ ಪೋಸ್ಟಿಗೂ ಒಂದೊಂದು ಓಟು. ಎರಡನೆಯದರಲ್ಲಿ ನೋಡಿದ ಪ್ರತಿ ಖಾತೆಗೂ ಒಂದೊಂದು ಓಟು, ಹಾಗಾಗಿ ದೊಡ್ಡ ರೀಲ್ ಇಡೀ ವಾರವನ್ನು ತನ್ನ ಕಡೆ ಎಳೆದುಕೊಳ್ಳುತ್ತದೆ. "ನಮ್ಮ ಟೀಂ ಮಾಡುವ ಒಂದು ಮಾಮೂಲಿ ಪೋಸ್ಟ್ ಹೇಗಿದೆ?" ಅಂತ ಕೇಳಿದರೆ ಮೊದಲನೆಯದು ಸರಿ. ಪೋಸ್ಟುಗಳು ಜಾಸ್ತಿ ಇದ್ದರೆ ಅಲ್ಲಿ ಸರಾಸರಿಗಿಂತ ಮಧ್ಯದ ಪೋಸ್ಟಿನ ರೇಟನ್ನೇ ತೆಗೆದುಕೊಳ್ಳೋದು ನನ್ನ ಅಭ್ಯಾಸ. "ಈ ವಾರ ನಮ್ಮನ್ನು ನೋಡಿದವರು ಹೇಗೆ ಸ್ಪಂದಿಸಿದರು?" ಅಂತ ಕೇಳಿದರೆ ಎರಡನೆಯದು. ಒಂದು ಎಚ್ಚರ: 64,000 ಅಂದರೆ 64,000 ಜನ ಅಲ್ಲ. ಎರಡೂ ಪೋಸ್ಟ್ ನೋಡಿದವರು ಎರಡು ಸಲ ಎಣಿಕೆಗೆ ಬಂದಿದ್ದಾರೆ. ಇಡೀ ಖಾತೆಯ ವಾರದ ರೀಚ್ ಬೇರೆಯೇ ಸಂಖ್ಯೆ. ಅದರಿಂದ ಭಾಗಿಸಿದರೆ ನಾಲ್ಕನೇ ಹಾಳೆ ಹುಟ್ಟುತ್ತದೆ.

ಐದನೆಯದೂ ಇದೆ, ಇಂಪ್ರೆಷನ್ ಅಥವಾ ವ್ಯೂಸ್ ಮೇಲಿನದು. ಒಬ್ಬರೇ ಮೂರು ಸಲ ನೋಡಿದರೆ ಮೂರು ಅಂತ ಎಣಿಸುವ ಲೆಕ್ಕ. ನಮ್ಮ ರೀಲಿಗೆ 78,000 ವ್ಯೂಸ್ ಬಂದಿದ್ದವು, ರೇಟ್ ಶೇ. 1.5ಕ್ಕೆ ಇಳಿಯಿತು. ಮತ್ತೆ ಮತ್ತೆ ನೋಡಿಸಿಕೊಳ್ಳುವ ವಿಡಿಯೊಗೆ ಈ ಲೆಕ್ಕ ಶಿಕ್ಷೆ ಕೊಡುತ್ತದೆ, ಪಾಪ. ಲಿಂಕ್ಡ್‌ಇನ್ ಮತ್ತು ಎಕ್ಸ್ ತಮ್ಮದೇ ಅನಾಲಿಟಿಕ್ಸ್‌ನಲ್ಲಿ ತೋರಿಸುವ ರೇಟ್ ಇಂಪ್ರೆಷನ್ ಮೇಲಿನದು. ಆದರೆ ಅಲ್ಲಿ ಭಾಗಾಕಾರದ ಮೇಲಿನ ಸಂಖ್ಯೆಯೂ ಬೇರೆ, ಕ್ಲಿಕ್‌ಗಳನ್ನೂ ಸೇರಿಸಿಕೊಳ್ಳುತ್ತವೆ. ಎಕ್ಸ್‌ನಲ್ಲಿ ಪೋಸ್ಟ್ ಬಿಚ್ಚಿ ಓದೋಕೆ ಒತ್ತಿದ್ದೂ ಎಂಗೇಜ್‌ಮೆಂಟೇ. ಇನ್‌ಸ್ಟಾಗ್ರಾಂನ 2 ಮತ್ತು ಲಿಂಕ್ಡ್‌ಇನ್‌ನ 4 ಒಂದೇ ಚಾರ್ಟ್‌ನಲ್ಲಿ ಕಂಬವಾಗಿ ನಿಂತಿದ್ದರೆ ನಾನು ಆ ಚಾರ್ಟ್ ಪಕ್ಕಕ್ಕಿಡುತ್ತೇನೆ.

ಭಾಗಾಕಾರದ ಕೆಳಗಿನ ಸಂಖ್ಯೆಯ ಅರ್ಥವೇ ಒಂದು ದಿನ ಬದಲಾಗಬಹುದು. 2025ರ ಮಾರ್ಚ್ 31ರಿಂದ ಯೂಟ್ಯೂಬ್ ಶಾರ್ಟ್ಸ್‌ನಲ್ಲಿ ವಿಡಿಯೊ ಶುರುವಾದರೂ ಮರುಪ್ಲೇ ಆದರೂ ವ್ಯೂ ಅಂತ ಎಣಿಸತೊಡಗಿದರು, ಕನಿಷ್ಠ ಇಷ್ಟು ಹೊತ್ತು ನೋಡಿರಬೇಕು ಅನ್ನೋದು ಇಲ್ಲ. ಇದರಿಂದ ವ್ಯೂಸ್ ಉಬ್ಬುತ್ತದೆ, ವ್ಯೂಸ್ ಮೇಲಿನ ರೇಟ್ ಕುಸಿಯುತ್ತದೆ. ನೋಡುಗರು ಬದಲಾಗಿರಲ್ಲ. ಹಳೇ ಎಣಿಕೆ "ಎಂಗೇಜ್ಡ್ ವ್ಯೂಸ್" ಅನ್ನುವ ಹೆಸರಲ್ಲಿ ಅನಾಲಿಟಿಕ್ಸ್‌ನಲ್ಲಿ ಉಳಿದಿದೆ. ಆ ದಿನಾಂಕ ದಾಟುವ ಹೋಲಿಕೆಗೆ ಅದನ್ನೇ ಬಳಸಬೇಕು.

ಮೀಟಿಂಗಿಗೆ ವಾಪಸ್ ಬರೋಣ. ಇಷ್ಟೆಲ್ಲ ಕೇಳಿ ಮೇಡಂ, "ಸರಿ, ಇನ್ನು ಮುಂದೆ ರೇಟ್ ಅಂತ ಸುಮ್ನೆ ಬರೆಯಬೇಡಿ" ಅಂದರು. ಕಾಲಂ ಹೆಸರು ಬದಲಾಯಿತು: "ರೀಚ್ ಮೇಲೆ, ಒಟ್ಟು ಸೇರಿಸಿ, ಏಳನೇ ದಿನ." ಪಕ್ಕದಲ್ಲಿ ಫಾಲೋವರ್ಸ್ ಮತ್ತು ಹೊರಗಿನವರಿಗೆ ಬೇರೆ ಬೇರೆ ಕಾಲಂ. ಆಮೇಲೆ ಅವರು ನಾನು ನಿರೀಕ್ಷಿಸದ ಪ್ರಶ್ನೆ ಕೇಳಿದರು. "ರೀಲ್ ನೋಡಿ 300 ಜನ ಹೊಸದಾಗಿ ಫಾಲೋ ಮಾಡಿದ್ರಲ್ಲ, ಅವರು ಈ ಮೂರರಲ್ಲಿ ಎಲ್ಲಿದ್ದಾರೆ?"

ಎಲ್ಲೂ ಇಲ್ಲ. ನಾವು ಎಣಿಸಿದ್ದು ಲೈಕ್, ಕಾಮೆಂಟ್, ಸೇವ್, ಶೇರ್ ಮಾತ್ರ. ರೀಲ್ ಮಾಡಿದ್ದೇ ಹೊಸಬರನ್ನು ಕರೆತರೋಕೆ, ಆ ಹೊಸಬರು ಮೇಲಿನ ಸಂಖ್ಯೆಯಲ್ಲಿ ಬರಲೇ ಇಲ್ಲ. ಬಂದಿದ್ದು ಕೆಳಗಿನ ಸಂಖ್ಯೆಯಲ್ಲಿ. ಹೊರಗಿನ ಟೂಲ್ ಇವತ್ತಿನ ಫಾಲೋವರ್ಸ್ ಸಂಖ್ಯೆಯಿಂದಲೇ ಹಳೇ ಪೋಸ್ಟುಗಳನ್ನೂ ಭಾಗಿಸುತ್ತಿತ್ತು. ಮುಂದಿನ ವಾರ ಅದನ್ನು ತೆರೆದಾಗ, ಯಾರೂ ಮುಟ್ಟದ ಆ ಫೋಟೊ ಪೋಸ್ಟಿನ ರೇಟ್ ಶೇ. 1.35ರಿಂದ ಶೇ. 1.33ಕ್ಕೆ ಇಳಿದಿತ್ತು.