‘ಒಮ್ಮೊಮ್ಮೆ ಟೋಟಲ್ ತಪ್ಪು’: ಪರೀಕ್ಷಕರ ಸಂದೇಶವನ್ನು ಟಿಕೆಟ್ ಆಗಿ ಬರೆಯುವುದು

ಆನ್‌ಲೈನ್ ಅಂಗಡಿಯೊಂದರ ತಂತ್ರಾಂಶ ಪರೀಕ್ಷಕರು ತಂಡದ ಗುಂಪಿನಲ್ಲಿ ಹೀಗೆ ಬರೆದಿದ್ದಾರೆ ಎಂದುಕೊಳ್ಳೋಣ: “ಕೂಪನ್ ಹಾಕಿದ್ರೆ ಟೋಟಲ್ ತಪ್ಪು ಬರ್ತಿದೆ ಸರ್, ಒಮ್ಮೊಮ್ಮೆ. ಸ್ವಲ್ಪ ನೋಡಿ.” ಇದನ್ನೇ ಶುದ್ಧ ಭಾಷೆಗೆ ತಿರುಗಿಸಿದರೆ ಟಿಕೆಟ್, ಅಂದರೆ ಡೆವಲಪರ್ ನೋಡಿ ಸರಿಪಡಿಸಬಹುದಾದ ದೋಷದ ವರದಿ, ಆಗುವುದಿಲ್ಲ. ಎಷ್ಟು ಬರಬೇಕಿತ್ತು, ಎಷ್ಟು ಬಂತು, ಯಾವಾಗ ಬಂತು ಎಂಬ ಮೂರೂ ಸಂಗತಿಗಳು ಇದರಲ್ಲಿಲ್ಲ.

ಮೊದಲು ಹಿಡಿಯಬೇಕಾದದ್ದು ‘ಒಮ್ಮೊಮ್ಮೆ’ ಎಂಬ ಪದವನ್ನು. ನನ್ನ ಅನುಭವದಲ್ಲಿ ಈ ಪದದ ಹಿಂದೆ ಬಹಳ ಸಲ ಯಾರೂ ಗಮನಿಸದ ಒಂದು ಕ್ರಮ ಅಡಗಿರುತ್ತದೆ. ಆದ್ದರಿಂದ ಪರೀಕ್ಷಕರ ಜೊತೆ ಕುಳಿತು, ಒಂದು ಸಲಕ್ಕೆ ಒಂದೇ ಅಂಶವನ್ನು ಬದಲಿಸುತ್ತ ಮತ್ತೆ ಮಾಡಿ ನೋಡಬೇಕು. ಇಲ್ಲಿ, ವಸ್ತುವಿನ ಸಂಖ್ಯೆಯನ್ನು ಮೊದಲು ಹೆಚ್ಚಿಸಿ ಆಮೇಲೆ ಕೂಪನ್ ಹಾಕಿದಾಗ ಮೊತ್ತ ಸರಿಯಾಗಿತ್ತು. ಕೂಪನ್ ಹಾಕಿದ ಮೇಲೆ ಸಂಖ್ಯೆಯನ್ನು ಹೆಚ್ಚಿಸಿದಾಗ ಐದಕ್ಕೆ ಐದು ಸಲವೂ ತಪ್ಪಿತು. ಹೀಗೆ ‘ಒಮ್ಮೊಮ್ಮೆ’ ಹೋಗಿ ಖಚಿತವಾದ ಹೆಜ್ಜೆಗಳು ದೊರೆತವು:

ಶೀರ್ಷಿಕೆ: ಕೂಪನ್ ಹಾಕಿದ ನಂತರ ಸಂಖ್ಯೆ ಬದಲಿಸಿದರೆ ರಿಯಾಯಿತಿ ಹಳೆಯ ಮೊತ್ತದಲ್ಲೇ ಉಳಿಯುತ್ತದೆ

ಹೆಜ್ಜೆಗಳು:
1. ಖಾಲಿ ಕಾರ್ಟ್‌ಗೆ ₹500 ಬೆಲೆಯ ಒಂದು ವಸ್ತುವನ್ನು ಸೇರಿಸಿ.
2. ಶೇ. 10 ರಿಯಾಯಿತಿಯ `SAVE10` ಕೂಪನ್ ಹಾಕಿ. (ಮೊತ್ತ ₹450)
3. ವಸ್ತುವಿನ ಸಂಖ್ಯೆಯನ್ನು 3 ಮಾಡಿ.

ನಿರೀಕ್ಷಿತ ಫಲಿತಾಂಶ: ರಿಯಾಯಿತಿ ₹150, ಮೊತ್ತ ₹1,350.
ವಾಸ್ತವ ಫಲಿತಾಂಶ: ರಿಯಾಯಿತಿ ₹50, ಮೊತ್ತ ₹1,450.

‘ಮೊತ್ತ ಸರಿಯಾಗಿ ಬರಬೇಕು’ ಎಂಬುದು ನಿರೀಕ್ಷಿತ ಫಲಿತಾಂಶವಲ್ಲ; ಓದಿದವರು ತಾವೇ ಲೆಕ್ಕ ಹಾಕಿ ತಾಳೆ ನೋಡುವಂತಹ ಅಂಕಿ ಅಲ್ಲಿರಬೇಕು, ಮತ್ತು ಆ ಅಂಕಿಗೆ ಆಧಾರವಾದ ನಿಯಮವನ್ನು, ಅಂದರೆ ರಿಯಾಯಿತಿಯು ಇಡೀ ಕಾರ್ಟ್‌ನ ಮೊತ್ತಕ್ಕೆ ಅನ್ವಯಿಸುತ್ತದೆ ಎಂಬುದನ್ನು, ಅಗತ್ಯಗಳ ದಾಖಲೆಯಿಂದ ಎತ್ತಿ ಹೇಳಬೇಕು. ದಾಖಲೆಯಲ್ಲಿ ಆ ನಿಯಮವೇ ಇಲ್ಲದಿದ್ದರೆ ಅದು ಇನ್ನೂ ದೋಷವಲ್ಲ, ಉತ್ಪನ್ನದ ಹೊಣೆ ಹೊತ್ತವರಿಗೆ ಕೇಳಬೇಕಾದ ಪ್ರಶ್ನೆ.

ವಾಸ್ತವ ಫಲಿತಾಂಶದಲ್ಲಿ ಕಂಡದ್ದನ್ನು ಮಾತ್ರ ಬರೆಯಬೇಕು. ‘ಕ್ಯಾಶ್ ಸಮಸ್ಯೆ ಇರಬೇಕು’ ಎಂದು ಅಲ್ಲಿ ಸೇರಿಸಿದರೆ ಡೆವಲಪರ್ ಅದೇ ಜಾಡು ಹಿಡಿದು ಅರ್ಧ ದಿನ ಕಳೆಯಬಹುದು. ಆದರೆ ಪುಟವನ್ನು ರೀಫ್ರೆಶ್ ಮಾಡಿದಾಗ ₹1,350 ಕಾಣಿಸಿತು ಎಂಬುದು ಊಹೆಯಲ್ಲ, ಕಣ್ಣಾರೆ ಕಂಡದ್ದು. ಅದನ್ನು ಟಿಪ್ಪಣಿಯಾಗಿ ಬೇರೆಯೇ ಕೊಡಬೇಕು. ರೀಫ್ರೆಶ್ ಮಾಡದೆ ಮುಂದುವರಿದರೆ ಪಾವತಿ ಪುಟ ಎಷ್ಟು ಕೇಳುತ್ತದೆ ಎಂಬುದನ್ನೂ ನೋಡಲೇಬೇಕು. ಅಲ್ಲಿ ₹1,350 ಇದ್ದರೆ ಇದು ತೋರಿಕೆಯ ತಪ್ಪು; ₹1,450 ಇದ್ದರೆ ಗ್ರಾಹಕರ ಜೇಬಿನಿಂದ ₹100 ಹೆಚ್ಚಾಗಿ ಹೋಗುತ್ತದೆ, ಟಿಕೆಟ್‌ನ ತೀವ್ರತೆಯೂ ಅದಕ್ಕೆ ತಕ್ಕಂತೆ ಏರಬೇಕು.

ಬಿಲ್ಡ್ ಸಂಖ್ಯೆ, ಬ್ರೌಸರ್ ಮತ್ತು ಅದರ ಆವೃತ್ತಿಯನ್ನು ಸೇರಿಸಿ. ಎಷ್ಟು ಪ್ರಯತ್ನಿಸಿದರೂ ಕ್ರಮ ಸಿಗದಿದ್ದಾಗ ‘10 ಸಲದಲ್ಲಿ 2 ಸಲ’ ಎಂದು ಇದ್ದದ್ದನ್ನು ಇದ್ದಂತೆ ಬರೆದು, ದೋಷ ಕಂಡ ಸಮಯವನ್ನು ನಿಮಿಷದ ಲೆಕ್ಕದಲ್ಲಿ ಕೊಡಿ. ಡೆವಲಪರ್ ಆ ಹೊತ್ತಿನ ಲಾಗ್ ತೆಗೆದು ನೋಡಬಲ್ಲರು.