ಜಾವಾ ಬರುತ್ತೆ, ಅಳಗುಳಿ ಮಣೆ ಗೇಮ್ ಮಾಡಬೇಕು: ಯೂನಿಟಿಯೋ, ಗೋಡೋನೋ, ನೇಟಿವ್ವೋ?

ಪ್ರಶ್ನೆ: ಹಾಸನದಲ್ಲಿ ಬಿಸಿಎ ಕೊನೆ ವರ್ಷ ಓದ್ತಿದ್ದೀನಿ. ಜಾವಾ ಚೆನ್ನಾಗಿ ಬರುತ್ತೆ, ಪೈಥಾನ್ ಅಲ್ಪಸ್ವಲ್ಪ. ಲ್ಯಾಪ್‌ಟಾಪ್‌ನಲ್ಲಿ 8 ಜಿಬಿ ರ‍್ಯಾಮ್ ಇದೆ. ಅಜ್ಜಿ ಮನೆಯಲ್ಲಿ ಆಡ್ತಿದ್ದ ಅಳಗುಳಿ ಮಣೆಯನ್ನ ಆಂಡ್ರಾಯ್ಡ್ ಗೇಮ್ ಮಾಡಬೇಕು, ಪೂರ್ತಿ ಕನ್ನಡದಲ್ಲಿ. ಫ್ರೆಂಡ್ಸ್ ಎಲ್ಲ ಯೂನಿಟಿ ಕಲಿ ಅಂತಾರೆ. ಏನು ಮಾಡಲಿ ಸರ್?

ಉತ್ತರ: ಈ ಆಟಕ್ಕೆ, ನಿಮಗೆ, ನೇಟಿವ್. ಅಂದರೆ ಆಂಡ್ರಾಯ್ಡ್ ಸ್ಟುಡಿಯೋ ಹಾಕಿಕೊಂಡು ನೇರವಾಗಿ ಜಾವಾದಲ್ಲೇ ಬರೆಯಿರಿ. ಯಾಕೆ ಅಂತ ಹೇಳುತ್ತೇನೆ. ಆಟ ಬೇರೆಯಾಗಿದ್ದರೆ ಉತ್ತರವೂ ಬೇರೆಯಾಗುತ್ತಿತ್ತು.

ನಾನು ಮೊದಲು ಕೇಳುವುದು ಇಷ್ಟೇ: ಯಾರೂ ಪರದೆ ಮುಟ್ಟದೆ ಇದ್ದಾಗಲೂ ನಿಮ್ಮ ಆಟದಲ್ಲಿ ಏನಾದರೂ ಓಡಾಡುತ್ತಾ ಇರುತ್ತದಾ? ಅಳಗುಳಿ ಮಣೆಯಲ್ಲಿ ಇಲ್ಲ. ಎದುರಿನವರು ಯೋಚನೆ ಮಾಡುವಾಗ ಮಣೆ ಸುಮ್ನೆ ಕೂತಿರುತ್ತದೆ. ಬೀಳುವುದು, ಡಿಕ್ಕಿ ಹೊಡೆಯುವುದು, ಪುಟಿಯುವುದು ಯಾವುದೂ ಇಲ್ಲ. ಯೂನಿಟಿ, ಗೋಡೋದಂಥ ಗೇಮ್ ಎಂಜಿನ್ ದೊಡ್ಡದಾಗಿ ಕೊಡುವುದೇ ಅವುಗಳನ್ನ. ಬೇಡದ್ದಕ್ಕೆ ಎಂಜಿನ್ ಯಾಕೆ ಹೊರಬೇಕು, ಅಲ್ವಾ?

ನಿಮ್ಮ ಆಟದ ಜೀವ ಇರುವುದು 14 ಗುಳಿಗಳಲ್ಲಿ. ಒಂದೊಂದರಲ್ಲಿ 5 ಹುಣಸೆಬೀಜ. ಒಂದು ಗುಳಿಯ ಬೀಜ ಎತ್ತಿ ಮುಂದಕ್ಕೆ ಒಂದೊಂದೇ ಬಿಡುವುದನ್ನ ಹೀಗೆ ಬರೆಯಬಹುದು:

```java
int aadu(int i) {
    int kai = guli[i];
    guli[i] = 0;
    while (kai > 0) {
        i = (i + 1) % 14;
        guli[i]++;
        kai--;
    }
    return i;
}
```

`guli` ಅಂದರೆ 0ಯಿಂದ 13ರವರೆಗಿನ ಗುಳಿಗಳಲ್ಲಿ ಎಷ್ಟೆಷ್ಟು ಬೀಜ ಇದೆ ಅಂತ ಇಟ್ಟುಕೊಂಡ ಅರೇ, `kai` ಅಂದರೆ ಕೈಯಲ್ಲಿರುವ ಬೀಜ. 13ನೇ ಗುಳಿ ಆದ ಮೇಲೆ `% 14` ನಿಮ್ಮನ್ನ ಮತ್ತೆ 0ಗೆ ತರುತ್ತದೆ. ಶುರುವಿನಲ್ಲಿ 0 ಎತ್ತಿದರೆ ಕೊನೆಯ ಬೀಜ 5ರಲ್ಲಿ ಬೀಳುತ್ತದೆ. ಆಮೇಲೆ 6ನ್ನ ಎತ್ತಿ ಹಂಚಿದರೆ 11ಕ್ಕೆ ಬಂದು ನಿಲ್ಲುತ್ತದೆ. ಮುಂದಿನ ಗುಳಿ ಖಾಲಿ ಸಿಕ್ಕರೆ ಅದನ್ನ ಸವರಿ, ಅದರಾಚೆಯದನ್ನ ಗೆಲ್ಲುವ ಲೆಕ್ಕ ಇದರ ಮೇಲೆ ಇನ್ನು ಕೆಲವೇ ಸಾಲು.

ಒಂದು ತಮಾಷೆ ನೋಡಿ. ಇದೇ ಕೋಡ್ ಒಂದಕ್ಷರ ಬದಲಿಸದೆ ಸಿ ಶಾರ್ಪ್‌ನಲ್ಲೂ ಓಡುತ್ತದೆ, ಅಂದರೆ ಯೂನಿಟಿಗೂ ಆಗುತ್ತದೆ. ಗೋಡೋದ ಜಿಡಿಸ್ಕ್ರಿಪ್ಟ್ ಪೈಥಾನ್ ತರಹ. ಅಲ್ಲಿ ಆವರಣ ಇಲ್ಲ, `++` ಇಲ್ಲ, ಐದು ನಿಮಿಷದಲ್ಲಿ ತಿದ್ದಬಹುದು. ಹಾಗಾಗಿ ಆಟದ ಲೆಕ್ಕದ ಮಟ್ಟಿಗೆ ಮೂರೂ ಒಂದೇ.

ವ್ಯತ್ಯಾಸ ಗೊತ್ತಾಗುವುದು ಬೀಜ ಕಣ್ಣಿಗೆ ಕಾಣುವ ಹಾಗೆ ಬೀಳಬೇಕು ಅಂದಾಗ. ಮೇಲಿನ ಲೂಪ್ ಕಣ್ಣು ಮಿಟುಕಿಸುವಷ್ಟರಲ್ಲಿ ಮುಗಿಯುತ್ತದೆ. ಆಡುವವರಿಗೆ ಅಂಕಿ ಬದಲಾದದ್ದಷ್ಟೇ ಕಾಣುತ್ತದೆ. ಒಂದೊಂದು ಬೀಜಕ್ಕೂ ಕಾಲು ಸೆಕೆಂಡ್ ತಡೆ ಬೇಕು. ಗೋಡೋದಲ್ಲಾದರೆ ಲೂಪ್ ಒಳಗೆ ಒಂದೇ ಸಾಲು ಸಾಕು:

```gdscript
await get_tree().create_timer(0.25).timeout
```

ಯೂನಿಟಿಯಲ್ಲಿ ಕೊರುಟೀನ್ ಬರೆದು `WaitForSeconds` ಹಾಕುತ್ತಾರೆ. ನೇಟಿವ್‌ಗೆ ಬಂದವರು ಇಲ್ಲೇ ಎಡವುವುದು. ಜಾವಾ ಗೊತ್ತಿರುವ ಎಲ್ಲರಿಗೂ ಮೊದಲು ಹೊಳೆಯುವುದು `Thread.sleep(250)`. ಅದನ್ನ ಲೂಪ್ ಒಳಗೆ ಹಾಕಿದರೆ ಪರದೆ ಬಿಡಿಸುವ ಥ್ರೆಡ್ಡೇ ಮಲಗಿಬಿಡುತ್ತದೆ. ಬೀಜ ಒಂದೂ ಕದಲುವುದಿಲ್ಲ, ಕೊನೆಗೆ ಎಲ್ಲ ಒಟ್ಟಿಗೆ ಬಂದು ಕೂರುತ್ತವೆ. ಆ ನಡುವೆ ಯಾರಾದರೂ ಪರದೆ ಮುಟ್ಟಿ, 5 ಸೆಕೆಂಡ್ ಉತ್ತರ ಸಿಗದಿದ್ದರೆ ‘ಆಪ್ ಸ್ಪಂದಿಸುತ್ತಿಲ್ಲ’ ಅನ್ನುವ ಪೆಟ್ಟಿಗೆ ಬರುತ್ತದೆ. ಸರಿಯಾದ ದಾರಿ ಅಂದರೆ ಲೂಪನ್ನೇ ಒಡೆಯುವುದು: ಒಂದು ಬೀಜ ಬಿಡಿ, `invalidate()` ಕರೆದು ಮಣೆಯನ್ನ ಮತ್ತೆ ಬಿಡಿಸಿ, ಮುಂದಿನ ಬೀಜಕ್ಕೆ `postDelayed` ಹಾಕಿ ಎದ್ದು ಬನ್ನಿ. ಬೀಜ ಬೀಳುವಷ್ಟು ಹೊತ್ತು ಬೆರಳು ತಾಗಿದರೂ ಲೆಕ್ಕಕ್ಕೆ ತೆಗೆದುಕೊಳ್ಳಬೇಡಿ. ಇಲ್ಲದಿದ್ದರೆ ಎರಡು ಕೈ ಒಟ್ಟಿಗೆ ಆಡಿದ ಹಾಗಾಗಿ ಬೀಜ ಅಡ್ಡಾದಿಡ್ಡಿ ಹಂಚಿಹೋಗುತ್ತವೆ.

ಬಿಡಿಸುವುದು ಸುಲಭ. `View` ಒಂದನ್ನ ಎಕ್ಸ್‌ಟೆಂಡ್ ಮಾಡಿ, `onDraw` ಒಳಗೆ ಅಗಲವನ್ನ 7ರಿಂದ ಭಾಗಿಸಿ ಗುಂಡಗೆ ಬಿಡಿಸುತ್ತಾ ಹೋಗಿ. ಪಿಕ್ಸೆಲ್ ಲೆಕ್ಕ ಬರೆದಿಡಬೇಡಿ, ಬೇರೆ ಫೋನಿನಲ್ಲಿ ಮಣೆ ಅರ್ಧ ಹೊರಗೆ ಹೋಗುತ್ತದೆ. ಬೆರಳು ಬಿದ್ದ ಕಂಬಸಾಲು `c` ಆದರೆ ಕೆಳಗಿನ ಗುಳಿ `c`, ಮೇಲಿನದು `13 - c`. ಮೇಲಿನ ಸಾಲು ಬಲದಿಂದ ಎಡಕ್ಕೆ ಎಣಿಸುತ್ತದಲ್ಲ, ಅದಕ್ಕೆ.

ನನ್ನದೊಂದು ಎಡವಟ್ಟು ಹೇಳಿಬಿಡುತ್ತೇನೆ. ಮೊದಲ ಸಲ ಇಂಥದ್ದೇ ಒಂದು ಮಾಡಿ ಅಕ್ಕನ ಮಗಳ ಕೈಗೆ ಕೊಟ್ಟೆ. ಅವಳು ಚೆನ್ನಾಗಿ ಗೆಲ್ಲುತ್ತಿದ್ದಳು. ಮಂಚದ ಮೇಲೆ ಮಗ್ಗುಲಾದಳು, ಫೋನ್ ತಿರುಗಿತು, ಎಲ್ಲ ಗುಳಿಯಲ್ಲೂ ಮತ್ತೆ ಐದೈದು ಬೀಜ. “ಮಾಮ, ನಿನ್ನ ಆಟ ಮೋಸ” ಅಂದಳು. ಫೋನ್ ತಿರುಗಿದರೆ ಆಂಡ್ರಾಯ್ಡ್ ಆ ಪರದೆಯನ್ನ ಕೆಡವಿ ಹೊಸದಾಗಿ ಕಟ್ಟುತ್ತದೆ ಅನ್ನುವುದು ನನಗೆ ಗೊತ್ತಿರಲಿಲ್ಲ. ಆಟವನ್ನ ಅಡ್ಡಕ್ಕೆ ಲಾಕ್ ಮಾಡಿದರೆ ಅಷ್ಟು ಸರಿಹೋಗುತ್ತದೆ. ಆದರೆ ಕರೆ ಬಂದು ಆಚೆ ಹೋದಾಗ ಸಿಸ್ಟಮ್ಮೇ ಆಪನ್ನ ಮುಚ್ಚಬಹುದು. ಅದಕ್ಕೆ 14 ಗುಳಿಯ ಅಂಕಿ, ಇಬ್ಬರೂ ಗೆದ್ದ ಬೀಜ, ಸರದಿ ಯಾರದು, ಇಷ್ಟನ್ನ `onSaveInstanceState` ಒಳಗೆ ಇಟ್ಟುಬಿಡಿ.

ಇನ್ನು ಕನ್ನಡ. ನಾನು ನೇಟಿವ್ ಅನ್ನುವುದಕ್ಕೆ ಇದೂ ಒಂದು ಕಾರಣ. ಯಾವ ಎಂಜಿನ್ ಆದರೂ ಮೊದಲ ದಿನವೇ ಎರಡು ಊರಿನ ಹೆಸರು ಬರೆದು ನೋಡಿ: ಹಾಸನ, ಚಿಕ್ಕಮಗಳೂರು. ಯೂನಿಟಿ ಪಾಠಗಳಲ್ಲಿ ಎಲ್ಲರೂ ಬಳಸುವ ಟೆಕ್ಸ್ಟ್‌ಮೆಶ್‌ಪ್ರೊ ಅಕ್ಷರಗಳನ್ನ ಒಂದರ ಪಕ್ಕ ಒಂದು ಜೋಡಿಸುತ್ತದೆ ಅಷ್ಟೇ, ಗುಣಿತ ಒತ್ತಕ್ಷರಗಳನ್ನ ಕೂಡಿಸುವುದಿಲ್ಲ. ಹಾಸನ ಹೇಗೋ ಓದಬಹುದು. ಚಿಕ್ಕಮಗಳೂರಿನಲ್ಲಿ ಚಿ ಕೆಡುತ್ತದೆ, ಕ್ಕ ಬಿಡಿಬಿಡಿಯಾಗುತ್ತದೆ. ಪದಗಳನ್ನ ಚಿತ್ರ ಮಾಡಿ ಹಾಕುವವರಿದ್ದಾರೆ, ಪ್ಲಗಿನ್ ಹುಡುಕುವವರೂ ಇದ್ದಾರೆ. ಮೊದಲ ಗೇಮಿಗೆ ಆ ತಲೆನೋವು ಜಾಸ್ತಿಯೇ. ಗೋಡೋ 4ರಲ್ಲಿ ಒತ್ತಕ್ಷರ ಸರಿಯಾಗಿ ಬರುತ್ತದೆ, ನೋಟೋ ಸಾನ್ಸ್ ಕನ್ನಡದಂಥ ಫಾಂಟ್ ಒಂದನ್ನ ಪ್ರಾಜೆಕ್ಟಿಗೆ ಹಾಕಿಕೊಳ್ಳಿ. ನೇಟಿವ್‌ನಲ್ಲಿ ಫೋನೇ ಅದನ್ನೆಲ್ಲ ನೋಡಿಕೊಳ್ಳುತ್ತದೆ.

ಲ್ಯಾಪ್‌ಟಾಪ್ ವಿಷಯ. 8 ಜಿಬಿಯಲ್ಲಿ ಆಂಡ್ರಾಯ್ಡ್ ಸ್ಟುಡಿಯೋ ಓಡುತ್ತದೆ, ಎಮ್ಯುಲೇಟರ್ ಜೊತೆಗೆ ಹಾಕಿದರೆ ತೆವಳುತ್ತದೆ. ಎಮ್ಯುಲೇಟರ್ ಬಿಡಿ. ಫೋನಿನಲ್ಲಿ ಯುಎಸ್‌ಬಿ ಡೀಬಗ್ಗಿಂಗ್ ಆನ್ ಮಾಡಿ ಕೇಬಲ್ ಚುಚ್ಚಿ. 4 ಜಿಬಿ ಅಂದಿದ್ದರೆ ಎರಡನೇ ಮಾತಿಲ್ಲದೆ ಗೋಡೋ ಅನ್ನುತ್ತಿದ್ದೆ, ಅದು ಹಗುರ.

ದುಡ್ಡಿನ ಚಿಂತೆ ಮೂರರಲ್ಲೂ ಸದ್ಯಕ್ಕೆ ಬೇಡ.

ಈಗ ಆಟ ಬದಲಿಸಿ ನೋಡೋಣ. ಕೊಟ್ಟಿಗೆಹಾರದಿಂದ ಚಾರ್ಮಾಡಿ ಘಾಟಿ ಇಳಿಯುವ ಬಸ್ಸು, ತಿರುವಿನಲ್ಲಿ ಬ್ರೇಕು, ಎದುರಿಗೆ ಲಾರಿ. ನೀವು ಮುಟ್ಟದಿದ್ದರೂ ಬಸ್ಸು ಉರುಳುತ್ತಿರುತ್ತದೆ. ಇದನ್ನ ನೇಟಿವ್‌ನಲ್ಲಿ ಬರೆಯಹೊರಟರೆ ಬಸ್ಸಿಗಿಂತ ಮೊದಲು ಎಂಜಿನ್ ಕಟ್ಟಬೇಕಾಗುತ್ತದೆ. ಪಕ್ಕದಿಂದ ಕಾಣುವ ಚಪ್ಪಟೆ ಚಿತ್ರದ ಆಟವಾದರೆ ಗೋಡೋ ಹಿಡಿಯಿರಿ, ನಿಮ್ಮ ಅಲ್ಪಸ್ವಲ್ಪ ಪೈಥಾನ್ ಸಾಕು. ಚಾಲಕನ ಸೀಟಿನಿಂದ ಕಾಣುವ ತ್ರೀಡಿ ಬೇಕು, ಮುಂದೆ ಬೆಂಗಳೂರಿನ ಗೇಮ್ ಕಂಪನಿಯಲ್ಲಿ ಕೆಲಸವೂ ಬೇಕು ಅಂದರೆ ನಿಮ್ಮ ಫ್ರೆಂಡ್ಸ್ ಹೇಳಿದ್ದು ಸರಿ, ಯೂನಿಟಿ. ಜಾವಾ ಬಂದವರಿಗೆ ಸಿ ಶಾರ್ಪ್ ದೂರವೇನಲ್ಲ.

ಮಣೆ ಮುಗಿದ ಮೇಲೆ ಪ್ಲೇ ಸ್ಟೋರಿಗೆ ಹಾಕುವಾಗ ಒಂದು ಮಾತು ನೆನಪಿರಲಿ. ಖಾತೆಗೆ ಒಂದೇ ಸಲ 25 ಡಾಲರ್. ಹೊಸ ವೈಯಕ್ತಿಕ ಖಾತೆಯಾದರೆ 12 ಜನ ಸತತ 14 ದಿನ ಪರೀಕ್ಷಕರಾಗಿ ಸೇರಿರಬೇಕು, ಆಮೇಲಷ್ಟೇ ಎಲ್ಲರಿಗೂ ಬಿಡಲು ಅರ್ಜಿ. ಹಾಸ್ಟೆಲ್‌ನಲ್ಲಿ 12 ಜನ ಸಿಗುತ್ತಾರೆ ಬಿಡಿ. ಅಜ್ಜಿಯ ಹತ್ತಿರ ಸ್ಮಾರ್ಟ್‌ಫೋನ್ ಇದ್ದರೆ ಅವರನ್ನೂ ಸೇರಿಸಿ, ನಿಯಮ ತಪ್ಪಿದ್ದರೆ ಮೊದಲು ಹಿಡಿಯುವುದು ಅವರೇ.