ಎಕ್ಸ್-ರೇ ಸಹಜವಾಗಿದ್ದಾಗಲೇ ಪ್ಲಾಸ್ಟರ್ ಏಕೆ? ಶಾರ್ಕೋ ಪಾದದ ಮೊದಲ ವಾರಗಳು

ಮಧುಮೇಹ ಬಂದು ಹತ್ತು-ಹದಿನೈದು ವರ್ಷ ಕಳೆದವರ ಒಂದು ಪಾದ ಮಾತ್ರ ಕೆಂಪಾಗಿ, ಬಿಸಿಯಾಗಿ ಊದಿಕೊಂಡಿದೆ, ಎಲ್ಲಿಯೂ ಗಾಯವಿಲ್ಲ ಎಂದರೆ, ಬೇರೆ ಕಾರಣ ಖಚಿತವಾಗುವವರೆಗೆ ಅದನ್ನು ನರ ಸೋತ ಪಾದದ ಮೂಳೆ-ಕೀಲುಗಳು ಒಡೆದು ಕುಸಿಯುವ ಶಾರ್ಕೋ ಪಾದವೆಂದೇ ಭಾವಿಸಿ ನಡೆದುಕೊಳ್ಳಬೇಕು. ಪರೀಕ್ಷೆಯಲ್ಲಿ ನಾವು ಬರೆಯುವುದು ಹೆಚ್ಚಾಗಿ ಕೊನೆಯ ಹಂತದ ಚಿತ್ರ: ಕಮಾನು ಕುಸಿದು, ಅಂಗಾಲಿನ ನಡುಭಾಗ ಕೆಳಕ್ಕೆ ಉಬ್ಬಿದ ಚಪ್ಪಟೆ ಪಾದ. ಆ ಹಂತದಲ್ಲಿ ಯಾರು ಬೇಕಾದರೂ ಗುರುತಿಸಬಹುದು. ಆದರೆ ಆಗ ನಾವು ಉಳಿಸಬಹುದಾದದ್ದು ಬಹಳ ಕಡಿಮೆ. ಆದ್ದರಿಂದ ಈ ಟಿಪ್ಪಣಿಯಲ್ಲಿ ಅದಕ್ಕೂ ಹಿಂದಿನ ವಾರಗಳನ್ನು ನೋಡೋಣ.

ಅಧ್ಯಯನಕ್ಕೆಂದು ಒಂದು ಪ್ರಕರಣವನ್ನು ಕಟ್ಟಿಕೊಳ್ಳೋಣ. ಹಿಟ್ಟಿನ ಗಿರಣಿ ನಡೆಸುವ 56 ವರ್ಷದ ವ್ಯಕ್ತಿ. ಮಧುಮೇಹ ಬಂದು 16 ವರ್ಷ. ದಿನವಿಡೀ ನಿಂತೇ ಕೆಲಸ. ಮೂರು ವಾರಗಳಿಂದ ಬಲಪಾದ ಊದಿದೆ. ಸೋಂಕಿರಬೇಕೆಂದು ಒಂದು ವಾರ ಆ್ಯಂಟಿಬಯೋಟಿಕ್ ನುಂಗಿದ್ದಾರೆ, ಊತ ಇಳಿದಿಲ್ಲ. ಕೇಳಿದರೆ, “ನೋವೇನೂ ಇಲ್ಲ ಡಾಕ್ಟರೇ, ಚಪ್ಪಲಿ ಹಿಡಿಸುತ್ತಿಲ್ಲ ಅಷ್ಟೇ” ಎನ್ನುತ್ತಾರೆ. ತಿಂಗಳ ಹಿಂದೆ ಮೆಟ್ಟಿಲಿನಲ್ಲಿ ಕಾಲು ಹೊರಳಿದ್ದು, ವಿಚಾರಿಸಿದ ಮೇಲೆ ಅವರಿಗೆ ನೆನಪಾಗುತ್ತದೆ.

ಈ ಹೊರಳಿದ ಕಾಲಿನಿಂದಲೇ ಕಥೆ ಶುರುವಾಗುತ್ತದೆ. ನಮ್ಮ ನಿಮ್ಮ ಕಾಲು ಹೊರಳಿದರೆ ನೋವು ನಮ್ಮನ್ನು ಕೂರಿಸುತ್ತದೆ, ನಾಲ್ಕು ದಿನ ಕುಂಟುತ್ತೇವೆ, ಗಾಯಗೊಂಡ ಅಸ್ಥಿರಜ್ಜು ಅಷ್ಟರಲ್ಲಿ ಮಾಯಲು ತೊಡಗುತ್ತದೆ. ಮಧುಮೇಹದಿಂದ ಪಾದದ ನರಗಳು ಸೋತಿರುವುದರಿಂದ ಇವರಿಗೆ ಆ ನೋವು ಮೆದುಳಿಗೆ ತಲುಪುವುದಿಲ್ಲ, ಹಾಗಾಗಿ ಅದೇ ಪಾದದ ಮೇಲೆ ಪೂರ್ಣ ಭಾರ ಹಾಕಿ ನಡೆಯುತ್ತಾರೆ. ಪ್ರತಿ ಹೆಜ್ಜೆಯೂ ಹೊಸ ಪೆಟ್ಟು. ಉರಿಯೂತ ತಣಿಯುವ ಮೊದಲೇ ಮತ್ತೆ ಕೆರಳುತ್ತದೆ, ಉರಿಯೂತದ ಸಂಕೇತಗಳು ಮೂಳೆ ಕರಗಿಸುವ ಆಸ್ಟಿಯೋಕ್ಲಾಸ್ಟ್ ಕೋಶಗಳನ್ನು ಹುರಿದುಂಬಿಸುತ್ತವೆ, ಮೂಳೆ ಮೆದುವಾಗುತ್ತದೆ. ಮೆದುವಾದ ಮೂಳೆ ಇನ್ನೂ ಸಣ್ಣ ಭಾರಕ್ಕೂ ಬಿರುಕು ಬಿಡುತ್ತದೆ. ರಕ್ತನಾಳಗಳನ್ನು ಹಿಡಿತದಲ್ಲಿಡುವ ಸ್ವಾಯತ್ತ ನರಗಳೂ ಸೋತಿರುವುದರಿಂದ ಪಾದಕ್ಕೆ ರಕ್ತದ ಹರಿವು ಹೆಚ್ಚಿರುತ್ತದೆ. ಊದಿದ ಪಾದದಲ್ಲಿ ನಾಡಿ ಬಲವಾಗಿ ಬಡಿಯುವುದು ಅದಕ್ಕೇ. ಈ ಸರಣಿಯಲ್ಲಿ ನಾವು ಇಂದೇ ತಡೆಯಬಹುದಾದ ಕೊಂಡಿ ಒಂದೇ, ಹೆಜ್ಜೆಯ ಭಾರ. ನರವನ್ನು ಮರಳಿ ತರಲಾಗದು. ಬಿಸ್ಫಾಸ್ಫೊನೇಟ್‌ನಂತಹ ಮೂಳೆಯ ಔಷಧಗಳನ್ನೂ ಪ್ರಯತ್ನಿಸಿ ನೋಡಲಾಗಿದೆ, ಆದರೆ ಅಂತರರಾಷ್ಟ್ರೀಯ ಮಾರ್ಗಸೂಚಿ ಅವುಗಳನ್ನು ಈ ಚಿಕಿತ್ಸೆಗೆ ಶಿಫಾರಸು ಮಾಡುವುದಿಲ್ಲ.

ನಮ್ಮ ರೋಗಿಯನ್ನು ಪರೀಕ್ಷಿಸೋಣ. 10 ಗ್ರಾಂ ಮಾನೊಫಿಲಮೆಂಟ್ ಒತ್ತಿದ್ದು ಎರಡೂ ಅಂಗಾಲುಗಳಲ್ಲಿ ತಿಳಿಯುವುದಿಲ್ಲ. ಚರ್ಮ ಒಡೆದಿಲ್ಲ, ಬೆರಳ ಸಂದಿಯಲ್ಲೂ ಬಿರುಕಿಲ್ಲ. ಜ್ವರವಿಲ್ಲ, ಬಿಳಿ ರಕ್ತಕಣಗಳ ಎಣಿಕೆ ಸಹಜ. ಮಲಗಿಸಿ ಕಾಲನ್ನು ಹತ್ತು ನಿಮಿಷ ಎತ್ತಿಟ್ಟರೆ ಕೆಂಪು ಬಹುಮಟ್ಟಿಗೆ ಇಳಿಯುತ್ತದೆ. ಸೋಂಕಿನ ಕೆಂಪು ಹೀಗೆ ಸುಲಭವಾಗಿ ಇಳಿಯುವುದಿಲ್ಲ. ಇದೊಂದೇ ತೀರ್ಪಲ್ಲ, ಆದರೆ ಹಾಸಿಗೆಯ ಪಕ್ಕದಲ್ಲೇ ಸಿಗುವ ಒಳ್ಳೆಯ ಸುಳಿವು. ಗಾಯವಿದ್ದು ಮೂಳೆಯವರೆಗೆ ಸಲಾಕೆ ಇಳಿಯುವಂತಿದ್ದರೆ ಮೂಳೆಯ ಸೋಂಕಿನ ಕಡೆಗೆ ಯೋಚಿಸಬೇಕಾಗುತ್ತಿತ್ತು. ಗೌಟ್ ಮತ್ತು ಕಾಲಿನ ಒಳರಕ್ತನಾಳದಲ್ಲಿ ಹೆಪ್ಪು, ಇವೆರಡನ್ನೂ ಮನಸ್ಸಿನಲ್ಲಿಟ್ಟುಕೊಂಡೇ ಮುಂದೆ ಹೋಗಬೇಕು.

ಇನ್ನು ಉಷ್ಣತೆ. ಚರ್ಮದ ಇನ್‌ಫ್ರಾರೆಡ್ ಥರ್ಮಾಮೀಟರ್ ಹಿಡಿದು ಎರಡೂ ಪಾದಗಳ ಒಂದೇ ಜಾಗವನ್ನು ಅಳೆಯಬೇಕು; ಅಳೆಯುವ ಮುನ್ನ ಪಾದಗಳನ್ನು ಬಿಚ್ಚಿಟ್ಟು ಸ್ವಲ್ಪ ಹೊತ್ತು ಗಾಳಿಗೆ ಒಗ್ಗಿಸಬೇಕು. ಇವರ ಬಲಪಾದದ ನಡುಭಾಗ 34.1 ಡಿಗ್ರಿ, ಎಡಪಾದದಲ್ಲಿ ಅದೇ ಜಾಗ 30.2 ಡಿಗ್ರಿ ಸೆಲ್ಸಿಯಸ್. 2 ಡಿಗ್ರಿಗಿಂತ ಹೆಚ್ಚಿನ ವ್ಯತ್ಯಾಸ ರೋಗ ಕೆರಳಿದೆ ಎಂಬುದಕ್ಕೆ ಬಳಕೆಯಲ್ಲಿರುವ ಅಳತೆ. ಇಲ್ಲಿ ಅದು 3.9. ಎರಡೂ ಪಾದಗಳಲ್ಲಿ ರೋಗವಿದ್ದರೆ ಅಥವಾ ಒಂದು ಕಾಲಿಗೆ ರಕ್ತ ಸರಿಯಾಗಿ ಹರಿಯದಿದ್ದರೆ ಈ ಹೋಲಿಕೆಯನ್ನು ನಂಬುವಂತಿಲ್ಲ.

ನಿಂತಂತೆ ತೆಗೆದ ಎಕ್ಸ್-ರೇಯಲ್ಲಿ ಮೃದು ಅಂಗಾಂಶದ ಊತ ಬಿಟ್ಟರೆ ಏನೂ ಇಲ್ಲ. ಹೆಚ್ಚಿನ ಕಡೆ ತಪ್ಪುವುದು ಇಲ್ಲಿಯೇ. “ಮೂಳೆ ಚೆನ್ನಾಗಿದೆ” ಎಂದು ಮಾತ್ರೆ ಬರೆದು ಕಳಿಸಲಾಗುತ್ತದೆ. 1966ರಲ್ಲಿ ಐಕೆನ್‌ಹೋಲ್ಟ್ಸ್ ವಿವರಿಸಿದ ಮೂರು ಹಂತಗಳೂ ಎಕ್ಸ್-ರೇಯಲ್ಲಿ ಕಾಣುವ ಬದಲಾವಣೆಗಳನ್ನೇ ಆಧರಿಸಿದ್ದವು: ಒಡೆಯುವುದು, ಕೂಡಿಕೊಳ್ಳುವುದು, ಮರುರೂಪಗೊಳ್ಳುವುದು. ಏನೂ ಕಾಣದ ಈ ಹಂತಕ್ಕೆ ‘ಸೊನ್ನೆ’ ಎಂಬ ಹೆಸರು ಬಂದದ್ದು ಆಮೇಲೆ. ಎಂಆರ್‌ಐ ಮಾಡಿದರೆ ಮೂಳೆಯ ಮಜ್ಜೆಯಲ್ಲಿ ಊತ ಕಾಣುತ್ತದೆ. ಸಿಗುವುದಾದರೆ ಮಾಡಿಸಬೇಕು, ಆದರೆ ಅದರ ದಿನಾಂಕಕ್ಕಾಗಿ ಕಾಯುತ್ತ ರೋಗಿಯನ್ನು ನಡೆದುಕೊಂಡೇ ಮನೆಗೆ ಕಳಿಸಬಾರದು.

ಏಕೆ ಅಷ್ಟು ಅವಸರ? ಪಾದದ ರಚನೆ ನೋಡಿದರೆ ತಿಳಿಯುತ್ತದೆ. ಎರಡನೆಯ ಮೆಟಟಾರ್ಸಲ್ ಮೂಳೆಯ ಬುಡ, ಕಲ್ಲಿನ ಕಮಾನಿನ ನಡುಗಲ್ಲಿನ ಹಾಗೆ, ಅಕ್ಕಪಕ್ಕದ ಮೂಳೆಗಳ ನಡುವೆ ಸಿಕ್ಕಿಕೊಂಡು ಇಡೀ ಕಮಾನನ್ನು ಹಿಡಿದಿರುತ್ತದೆ. ಶಾರ್ಕೋ ಹೆಚ್ಚಾಗಿ ದಾಳಿ ಮಾಡುವುದು ಈ ಮೆಟಟಾರ್ಸಲ್-ಟಾರ್ಸಲ್ ಕೀಲುಗಳ ಸಾಲಿನ ಮೇಲೆಯೇ. ಜೊತೆಗೆ ಹಳೆಯ ಮಧುಮೇಹದಲ್ಲಿ ಹಿಮ್ಮಡಿಯ ಸ್ನಾಯುರಜ್ಜು ಬಿಗಿಯಾಗಿರುತ್ತದೆ. ಕಣಕಾಲು ಬಾಗಬೇಕಾದಷ್ಟು ಬಾಗದೆ ಆ ಬಾಗುವಿಕೆಯ ಒತ್ತಡ ಪಾದದ ನಡುವಿಗೆ ಬೀಳುತ್ತದೆ. ನಮ್ಮ ಗಿರಣಿಯವರು ಹಾಗೆಯೇ ಕೆಲಸಕ್ಕೆ ಹೋಗುತ್ತಿದ್ದರೆ, ಕೆಲವೇ ವಾರಗಳಲ್ಲಿ ಆ ಬುಡ ಹೊರಕ್ಕೆ ಜರುಗಬಹುದಿತ್ತು. ಪಕ್ಕದಿಂದ ತೆಗೆದ ಎಕ್ಸ್-ರೇಯಲ್ಲಿ ಟೇಲಸ್ ಮೂಳೆಯಿಂದ ಮೊದಲ ಮೆಟಟಾರ್ಸಲ್‌ವರೆಗೆ ನೇರವಾಗಿರಬೇಕಾದ ಗೆರೆ ನಡುವೆ ಕೆಳಕ್ಕೆ ಮುರಿಯುತ್ತದೆ, ಕ್ಯೂಬಾಯ್ಡ್ ಮೂಳೆ ನೆಲದತ್ತ ಇಳಿಯುತ್ತದೆ. ಭಾರ ಹೊರಲೆಂದು ಹುಟ್ಟದ ಆ ಜಾಗದ ಚರ್ಮ ಆಮೇಲೆ ಪ್ರತಿ ಹೆಜ್ಜೆಗೂ ಮೂಳೆ ಮತ್ತು ನೆಲದ ನಡುವೆ ಜಜ್ಜಿ ಹುಣ್ಣಾಗುತ್ತದೆ. ಹುಣ್ಣಿನಿಂದ ಸೋಂಕು ಮೂಳೆಗಿಳಿಯುತ್ತದೆ. ಕಾಲು ಕತ್ತರಿಸುವವರೆಗೆ ಹೋಗುವುದು ಬಹುಪಾಲು ಈ ದಾರಿಯಿಂದ.

ಹಾಗಾಗಿ ಅದೇ ದಿನ ಮೊಣಕಾಲಿನ ಕೆಳಗಿನಿಂದ ಬೆರಳವರೆಗೆ ಪೂರ್ಣ ಸಂಪರ್ಕದ ಪ್ಲಾಸ್ಟರ್ ಹಾಕಲಾಗುತ್ತದೆ. ಕಾಲಿನ ಆಕಾರಕ್ಕೆ ಅಂಟಿಕೊಂಡು ಕೂರುವ ಈ ಕಟ್ಟು ಅಂಗಾಲಿನ ಒತ್ತಡವನ್ನು ಹರಡುತ್ತದೆ, ಒಂದಷ್ಟು ಭಾರವನ್ನು ಪ್ಲಾಸ್ಟರ್‌ನ ಗೋಡೆಗೆ ಹಂಚುತ್ತದೆ, ಕೀಲುಗಳನ್ನು ಅಲುಗಾಡದಂತೆ ಹಿಡಿಯುತ್ತದೆ. ಮನೆಯಲ್ಲಿ ಬಿಚ್ಚಲಾಗದಂತಿರಬೇಕೆಂಬುದು ಮುಖ್ಯ. ಬಿಚ್ಚಬಹುದಾದ ಬೂಟು ಕೊಟ್ಟರೆ ನೋವಿಲ್ಲದವರು ರಾತ್ರಿ ಬಚ್ಚಲಿಗೆ ಹೋಗುವಾಗ ಅದನ್ನು ಬಿಚ್ಚಿಟ್ಟು ನಡೆದೇ ನಡೆಯುತ್ತಾರೆ. ವಾಕರ್ ಅಥವಾ ಊರುಗೋಲು ಕೊಟ್ಟು ನಡಿಗೆಯನ್ನೂ ಕಡಿಮೆ ಮಾಡಿಸಬೇಕು. ರಕ್ತ ಪೂರೈಕೆ ತೀರಾ ಕುಂಠಿತವಾಗಿದ್ದರೆ ಅಥವಾ ಆಳದ ಸೋಂಕಿದ್ದರೆ ಮಾತ್ರ ಈ ಪ್ಲಾಸ್ಟರ್ ಹಾಕಬಾರದು.

ಮೊದಲ ಕಟ್ಟನ್ನು ಕೆಲವೇ ದಿನಗಳಲ್ಲಿ ಬಿಚ್ಚಿ ಮತ್ತೆ ಹಾಕಬೇಕಾಗುತ್ತದೆ. ಊತ ಬೇಗ ಇಳಿದು ಒಳಗೆ ಜಾಗವಾದರೆ ಕಾಲು ಜಾರಿ ಚರ್ಮ ಉಜ್ಜುತ್ತದೆ, ಅದೂ ರೋಗಿಗೆ ತಿಳಿಯುವುದಿಲ್ಲ. ಆಮೇಲೆ ವಾರಕ್ಕೊಮ್ಮೆ, ಮುಂದೆ ಎರಡು ವಾರಕ್ಕೊಮ್ಮೆ. ಪ್ರತಿ ಸಲವೂ ಉಷ್ಣತೆ ಅಳೆದು, ಎಡಪಾದವನ್ನೂ ನೋಡಬೇಕು. ಹೆಚ್ಚಿನ ಭಾರ ಹೊರುತ್ತಿರುವ ಅದಕ್ಕೂ ಇದೇ ಗತಿ ಬರಬಹುದು. ಪ್ಲಾಸ್ಟರ್‌ನಿಂದ ಬಲಗಾಲು ಎತ್ತರವಾಗುವುದರಿಂದ ಎಡಗಾಲಿನ ಚಪ್ಪಲಿಯ ಅಟ್ಟೆಯನ್ನೂ ಅಷ್ಟೇ ಎತ್ತರಿಸಬೇಕು.

ಆರನೆಯ ವಾರಕ್ಕೆ ಇವರ ವ್ಯತ್ಯಾಸ 2.4ಕ್ಕೆ ಇಳಿದಿದೆ, ಊತವಿಲ್ಲ. “ಈಗ ಬಿಚ್ಚಬಹುದಲ್ಲ” ಎಂದು ಮನೆಯವರು ಕೇಳುತ್ತಾರೆ. ಬಿಚ್ಚಬಾರದು, ಊತ ಮೊದಲು ಇಳಿಯುತ್ತದೆ, ಮೂಳೆ ಗಟ್ಟಿಯಾಗಲು ತಿಂಗಳುಗಳು ಬೇಕು. ಐದನೆಯ ತಿಂಗಳಲ್ಲಿ ವ್ಯತ್ಯಾಸ 1 ಡಿಗ್ರಿಗಿಂತ ಕೆಳಗಿಳಿದು, ಮುಂದಿನ ಭೇಟಿಯಲ್ಲೂ ಹಾಗೆಯೇ ಉಳಿದು, ಎಕ್ಸ್-ರೇಯಲ್ಲಿ ಕಮಾನು ಕುಸಿಯದೆಯೇ ಇದ್ದಾಗ ಬಿಚ್ಚಬಹುದಾದ ಎತ್ತರದ ಬೂಟಿಗೆ, ಅಲ್ಲಿಂದ ಅಳತೆಗೆ ಮಾಡಿಸಿದ ಪಾದರಕ್ಷೆಗೆ ಹಂತಹಂತವಾಗಿ ಬರುತ್ತಾರೆ. ಮೊದಲಿಗೆ ಮನೆಯೊಳಗಿನ ಸ್ವಲ್ಪ ನಡಿಗೆ ಮಾತ್ರ, ಗಿರಣಿಯಲ್ಲಿ ಕುರ್ಚಿಯ ಮೇಲೆ ಕೂತು ಕೆಲಸ. ಈ ಬದಲಾವಣೆಯ ವಾರಗಳಲ್ಲಿ ವ್ಯತ್ಯಾಸ ಮತ್ತೆ 2 ಡಿಗ್ರಿ ದಾಟಿದರೆ ಅಥವಾ ಊತ ಮರಳಿದರೆ ಕಾಲು ಮತ್ತೆ ಪ್ಲಾಸ್ಟರ್‌ಗೆ ಹೋಗುತ್ತದೆ.